ಅವ್ವನ ಹೆಗಲ ಮೇಲಿನ ಕೈ

ಗದ್ವಾಲದಲ್ಲಿ ತಂಗಿಯ ಮದುವೆಯಾದ ಮರುದಿನ, ಮನೆಮಂದಿಯೆಲ್ಲ ಒಟ್ಟಿಗೆ ನಿಂತ ಒಂದೇ ಫೋಟೊವನ್ನು ಫೋನಿನಲ್ಲಿ ಸರಿಮಾಡುತ್ತ ಕೂತಿದ್ದೆ. ಅದಕ್ಕೆ ಕಟ್ಟು ಹಾಕಿಸಬೇಕಿತ್ತು. ಆದರೆ ನಮ್ಮ ಹಿಂದೆ ನೀರಿನ ಡ್ರಮ್ಮು, ಪೇರಿಸಿದ ಕೆಂಪು ಕುರ್ಚಿಗಳು, ಬಾಯಿ ತುಂಬ ಅನ್ನ ತುಂಬಿಕೊಂಡ ಯಾರ್‍ಯಾರೋ ಗಂಡಸರು. ಬೇಡವಾದದ್ದಕ್ಕೆ ಬೆರಳಿನಿಂದ ಸುತ್ತು ಹಾಕಿದರೆ ಸಾಕು, ಫೋನು ಅದನ್ನು ಅಳಿಸಿ ಆ ಜಾಗವನ್ನು ತಾನೇ ಊಹಿಸಿ ತುಂಬುತ್ತದೆ. ಕುರ್ಚಿ ಹೋಯಿತು, ನೆರಳು ಉಳಿಯಿತು. ನೆರಳು ಅಳಿಸಿದೆ, ಗೋಡೆ ಸೊಟ್ಟಗಾಯಿತು. ಸಿಟ್ಟು ಬಂದರೂ ಕೈ ಬಿಡಲಿಲ್ಲ.

ಅವ್ವನ ಹಿಂದೆ ನನಗೆ ಗುರುತಿಲ್ಲದ ಮುದುಕಿಯೊಬ್ಬಳು ನಿಂತಿದ್ದಳು. ಅವಳನ್ನು ಅಳಿಸಿದ ಮೇಲೆ ಅವ್ವನ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿಯಿತು. ಅದನ್ನೂ ಅಳಿಸಿದೆ. ಅಲ್ಲಿ ಸೀರೆಯ ಅಂಚು ತುಂಬಿಕೊಂಡಿತು.

ಅವ್ವ ಮದುವೆಗೆ ಉಟ್ಟ ತನ್ನ ಹಳೆಯ ಸೀರೆಯನ್ನು ಮಡಿಚುತ್ತಿದ್ದಳು. ಫೋಟೊ ತೋರಿಸಿದೆ. ಜೀವಮಾನವೆಲ್ಲ ಮಗ್ಗದಲ್ಲಿ ಕೂತವಳು ಯಾರ ಮುಖವನ್ನೂ ನೋಡಲಿಲ್ಲ, ನೇರ ಹೆಗಲನ್ನೇ ನೋಡಿದಳು.

"ಹೆಗಲ ಮ್ಯಾಲಿನ ಇಷ್ಟು ಅಂಚು ನಾವು ನೇಯ್ದದ್ದಲ್ಲ. ಇಲ್ಲೊಂದು ಕೈ ಇತ್ತಲ್ಲ?"

"ಯಾರೋ ಮುದುಕಿ ಇದ್ದಳವ್ವಾ. ತೆಗದೆ."

ಅವ್ವ ಮಡಿಚುವುದನ್ನು ನಿಲ್ಲಿಸಿದಳು.

"ಈ ಸೀರಿ ಒಬ್ಬರ ಕೈಲೆ ಆಗಂಗಿಲ್ಲ. ಒಡಲು ನಾ ನೇಯ್ದರ, ಅಂಚು ಜೋಡಿಸಾಕ ಮಗ್ಗದಾಗ ಇನ್ನೊಬ್ಬಾಕಿ ಮಗ್ಗಲಿಗೆ ಕೂಡಬೇಕು. ನೀ ಹುಟ್ಟೂಕಿಂತ ಮೊದಲು ಆ ಮುದುಕಿನೇ ನನ್ನ ಮಗ್ಗಲಿಗೆ ಕೂಡತಿದ್ದಳು." ಸೀರೆಯ ಅಂಚನ್ನು ನನ್ನ ಕೈಗೆ ಕೊಟ್ಟಳು. "ಆಕಿ ಅಂಚು ಇಟ್ಟುಕೊಂಡು, ಆಕಿನ್ನ ತೆಗದೀ."