ಅವಳು ಬರೆದಿಟ್ಟ ಕೆಲಸದ ಜಾಹೀರಾತು

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾದ ಮೇಲೆ ಅವಳು ಬರೆದ ಜಾಹೀರಾತೊಂದು ನನ್ನ ಫೋನಿನಲ್ಲಿ ಕಾಣಿಸಿತು. ಕೆಳಗೆ ‘ಎರಡು ದಿನದ ಹಿಂದೆ’ ಎಂದಿತ್ತು.

ಅವಳು ಪೀಣ್ಯದ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೆಲಸಕ್ಕಿದ್ದಳು. ಫ್ಯಾಕ್ಟರಿಗಳಿಗೆ ಜನ ಹುಡುಕಿಕೊಡುವ ಜಾಗ. ಜಾಹೀರಾತು ಬರೆದು ಜಾಬ್ ಆ್ಯಪ್‌ಗಳಿಗೆ ಹಾಕುವುದು ಅವಳ ಪಾಲಿನ ಕೆಲಸ. ಪ್ರತಿಯೊಂದರ ಕೊನೆಗೂ ಒಂದು ಸಾಲು ಸೇರಿಸುತ್ತಿದ್ದಳು: ‘ಮಾರ್ಕ್ಸ್ ಕಾರ್ಡ್ ಒರಿಜಿನಲ್ ತನ್ನಿ, ಹೆದರಬೇಡಿ, ನೋಡಿ ವಾಪಸ್ ಕೊಡುತ್ತೇವೆ.’ ಒರಿಜಿನಲ್ ಇಟ್ಟುಕೊಂಡು ಸತಾಯಿಸುವವರ ಕೈಗೆ ಸಿಕ್ಕಿ ನೊಂದವರನ್ನು ಅವಳು ಬಹಳ ನೋಡಿದ್ದಳು. ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕಾಗಿದ್ದಾರೆ, ಬೊಮ್ಮಸಂದ್ರ ಎಂದಿದ್ದ ಈ ಜಾಹೀರಾತಿನ ಕೊನೆಗೂ ಅದೇ ಸಾಲಿತ್ತು. ನಾನು ಮಾಡುವುದೂ ಅದೇ ಕೆಲಸ. ನಮ್ಮ ಯೂನಿಟ್ ತಿಂಗಳ ಕೊನೆಗೆ ಬೇರೆ ರಾಜ್ಯಕ್ಕೆ ಹೋಗುವುದೆಂದು ನೋಟಿಸ್ ಅಂಟಿಸಿದ್ದರು. ಮಗಳು ಹತ್ತನೇ ಕ್ಲಾಸು. ನನಗೆ ನಲವತ್ತನಾಲ್ಕು ವರ್ಷ. ತಿಂಗಳ ಕೊನೆಯೊಳಗೆ ಇನ್ನೊಂದು ಕೆಲಸ ಸಿಗದಿದ್ದರೆ ಮಗಳನ್ನು ಪರೀಕ್ಷೆಗೆ ಮುಂಚೆ ಶಾಲೆ ಬಿಡಿಸಿ ಊರಿಗೆ ಕರೆದುಕೊಂಡು ಹೋಗಬೇಕಿತ್ತು. 

ಆ ಜಾಹೀರಾತನ್ನು ಅವಳೇ ನನಗೆ ಕಳಿಸಿದ್ದಾಳೆ ಅನ್ನಿಸಿತು. ಹಾಗೆ ಅನ್ನಿಸಬಾರದು ಎಂದು ಗೊತ್ತಿದ್ದೂ ಅನ್ನಿಸಿತು.

ಶನಿವಾರ ಮೊದಲ ಶಿಫ್ಟ್ ಮುಗಿಸಿ ರಾಜಗೋಪಾಲನಗರದ ನಮ್ಮ ಮನೆಗೆ ಬಂದವನೇ ಊಟವನ್ನೂ ಮಾಡದೆ ರೆಸ್ಯೂಮ್ ತಿದ್ದಲು ಕುಳಿತೆ. ಕಂಪ್ಯೂಟರಿಗೆ ಜೋಡಿಸಿದ ಅಳತೆ ಯಂತ್ರ ಗೊತ್ತಿರಬೇಕು ಎಂದು ಜಾಹೀರಾತಿನಲ್ಲಿತ್ತು. ನಾನು ಅದನ್ನು ಆರು ತಿಂಗಳು ಮುಟ್ಟಿದ್ದೇನೆ, ಅಷ್ಟೆ. ಅದನ್ನೇ ಮೇಲೆ ಹಾಕಿದೆ. ಹದಿನೇಳು ವರ್ಷ ಶಾಫ್ಟ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ನೋಡಿದ್ದನ್ನು ಎರಡು ಸಾಲಿಗೆ ಇಳಿಸಿದೆ. ಹೆಂಡತಿ ಕೂತು ಮಾಡಿಕೊಟ್ಟಿದ್ದ ಒಂದು ಪುಟ ಎರಡು ಗಂಟೆಯಲ್ಲಿ ಗುರುತು ಸಿಗದಂತಾಯಿತು.

ಮಗಳು ಟ್ಯೂಷನ್ನಿನಿಂದ ಬಂದು ನನ್ನ ಹೆಗಲ ಮೇಲಿಂದ ನೋಡಿದಳು. ಫೋನಿನಲ್ಲಿದ್ದ ಜಾಹೀರಾತಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಅಪ್ಪ, ಇದು ಅಮ್ಮಂದು.”

“ಗೊತ್ತು.”

“ಗೊತ್ತಿದ್ದೂ ಮಾಡ್ತಾ ಇದೀಯಾ? ಅಮ್ಮ ಹೇಗೆ ಎರಡ್ ದಿನದ ಹಿಂದೆ ಹಾಕ್ತಾಳೆ?”

 ಅವಳು ಫೋನ್ ಕಸಿದುಕೊಂಡು ಜಾಹೀರಾತಿನ ಒಂದು ಸಾಲನ್ನು ಹಾಗೇ ನಕಲು ಮಾಡಿ ಹುಡುಕಿದಳು. ಅಮ್ಮ ಮಾಡುತ್ತಿದ್ದದ್ದನ್ನು ನೋಡಿ ಕಲಿತಿದ್ದಳು. ತಾರೀಖು ನಂಬಬೇಡ, ಮತ್ತೆ ಹಾಕಿದರೆ ಅದು ಹೊಸದಾಗುತ್ತದೆ, ಮಾತು ಮಾತ್ರ ಹಳೆಯದೇ ಇರುತ್ತದೆ ಎಂದು ಅವಳಮ್ಮ ಹೇಳುತ್ತಿದ್ದಳು. ಬೇರೆ ಎರಡು ಸೈಟ್‌ಗಳಲ್ಲಿ ಅಕ್ಷರವೂ ಬದಲಾಗದ ಅದೇ ಜಾಹೀರಾತು ಸಿಕ್ಕಿತು. ಒಂದು ಹೋದ ವರ್ಷದ್ದು, ಇನ್ನೊಂದು ಅದಕ್ಕೂ ಹಿಂದಿನದು. ಫ್ಯಾಕ್ಟರಿಯ ಹೆಸರು ಯಾವುದರಲ್ಲೂ ಇಲ್ಲ, ‘ಪ್ರತಿಷ್ಠಿತ ಕಂಪನಿ’ ಎಂದಷ್ಟೇ.

ಆದರೂ ನಾನು ಕನ್ಸಲ್ಟೆನ್ಸಿಯ ಮಾಲೀಕನಿಗೆ ಫೋನ್ ಮಾಡಿದೆ. ನನ್ನ ಹೆಂಡತಿಯ ಕಾರ್ಯಕ್ಕೆ ಬಂದಿದ್ದ ಮನುಷ್ಯ.

“ಅಯ್ಯೋ ಸಾರ್, ಆ ಕೆಲಸಕ್ಕೆ ಜನ ಸಿಕ್ಕಿ ಒಂದೂವರೆ ವರ್ಷ ಆಯ್ತಲ್ಲ.”

“ಮತ್ತೆ ಇನ್ನೂ ಇದೆಯಲ್ಲ?”

“ರೆಸ್ಯೂಮ್ ಬರ್ತಾ ಇರ್ಲಿ ಅಂತ ಬಿಟ್ಟಿದೀವಿ. ನಾಳೆ ಯಾರಾದ್ರೂ ಕೇಳಿದ್ರೆ ಕೊಡೋಕೆ ಬೇಕಲ್ಲ. ವಾರಕ್ಕೆರಡ್ಸಲ ಮೇಲೆ ತರ್ತೀವಿ. ಮೇಡಂ ಬರೆದಿದ್ದಕ್ಕೆ ಬರೋಷ್ಟು ಜನ ಬೇರೆ ಯಾವುದಕ್ಕೂ ಬರಲ್ಲ ಸಾರ್. ಕೈ ಅಂಥದ್ದು.”

“ತೆಗೆದುಬಿಡಿ.”

“ನೋಡೋಣ ಸಾರ್,” ಎಂದ. ಅದರರ್ಥ ತೆಗೆಯುವುದಿಲ್ಲ ಎಂದು.

ಆ್ಯಪ್‌ನಲ್ಲಿ ‘ಈ ಕೆಲಸ ಖಾಲಿ ಇಲ್ಲ’ ಎಂದು ದೂರು ಕೊಡುವ ಗುಂಡಿ ಇದೆ. ಮಗಳು ತೋರಿಸಿದಳು. ನನ್ನ ಬೆರಳು ಏಳಲಿಲ್ಲ. ಅದನ್ನು ಒತ್ತಿದರೆ ಹೊರಗಿನ ಲೋಕದಲ್ಲಿ ಇನ್ನೂ ಉಳಿದಿರುವ ಅವಳ ಮಾತನ್ನು ನಾನೇ ಅಳಿಸಿದಂತೆ ಎಂದು ಭಯವಾಯಿತು. ಮಗಳು ಒತ್ತಾಯ ಮಾಡಲಿಲ್ಲ. ನಾನು ಓದದೆ ಸರಿಸಿದ್ದ ಇನ್ನೊಂದು ಜಾಹೀರಾತನ್ನು ತೆರೆದಳು. ಮಾಕಳಿಯ ಫ್ಯಾಕ್ಟರಿ. ಹೆಸರಿತ್ತು, ಲ್ಯಾಂಡ್‌ಲೈನ್ ಇತ್ತು, ಅದರ ಸಾಲು ಹುಡುಕಿದಾಗ ಬೇರೆಲ್ಲೂ ಸಿಗಲಿಲ್ಲ. ಸ್ಪೀಕರ್ ಹಾಕಿ ಅವಳೇ ಕರೆ ಮಾಡಿದಳು. ಯಾಕೆ ಖಾಲಿ ಆಯಿತು, ಯಾವ ಶಿಫ್ಟ್, ಯಾವಾಗ ಸಂದರ್ಶನ ಮಾಡುತ್ತಾರೆ ಎಂದು ಅಮ್ಮನ ಹಾಗೇ ಕೇಳಿದಳು. ಆ ಕಡೆಯವರು ತಡವರಿಸಲಿಲ್ಲ. ಇಬ್ಬರು ಬಿಟ್ಟಿದ್ದಾರೆ, ಸೆಕೆಂಡ್ ಶಿಫ್ಟ್, ಸೋಮವಾರ ಒಂಬತ್ತಕ್ಕೆ.

“ಅಮ್ಮ ಮಾಡಿದ ಹಳೇ ರೆಸ್ಯೂಮ್ ಪ್ರಿಂಟ್ ಇದೆಯಲ್ಲ, ಅದನ್ನ ತಗೊಂಡ್ ಹೋಗು,” ಎಂದಳು. “ಇದ್ರಲ್ಲಿ ನೀನು ಯಾರೋ ಆಗ್ಬಿಟ್ಟಿದೀಯ.”

ಸೋಮವಾರ ಮಾಕಳಿಯ ಗೇಟಿನ ಹೊರಗೆ ಹದಿನಾಲ್ಕು ಜನ ಇದ್ದೆವು. ಇಬ್ಬರು ಬೇಕಾಗಿದ್ದಾರೆ ಎಂದು ಚಾಕ್‌ಪೀಸಿನಲ್ಲಿ ಬರೆದ ಹಲಗೆ ನೇತಾಡುತ್ತಿತ್ತು. ನನ್ನ ಮುಂದಿದ್ದ ಹೆಂಗಸಿಗೆ ಮೂವತ್ತರ ಆಸುಪಾಸು, ಬಾಗಲಕೋಟೆ ಕಡೆಯವಳು. ತಿರುಗಿ ಕೇಳಿದಳು:

“ಅಣ್ಣಾರ, ಬೊಮ್ಮಸಂದ್ರದ್ದು ಒಂದ್ ಐತಲ್ರಿ, ನೋಡೀರೇನು? ಅದು ಸಿಕ್ಕರ ಇದು ಬ್ಯಾಡಂತ ಮಾಡೀನಿ.”

ಅವಳ ಫೈಲಿನಲ್ಲಿ ಅದಕ್ಕೆಂದೇ ಮಾಡಿಸಿದ ರೆಸ್ಯೂಮ್ ಇತ್ತು. ಅಳತೆ ಯಂತ್ರದ ಪಾಠವನ್ನು ಫೋನಿನಲ್ಲಿ ನೋಡಿ ಒಂದು ತಿಂಗಳಿನಿಂದ ಕಲಿಯುತ್ತಿದ್ದಳಂತೆ. ಮೂರು ಸಲ ಅರ್ಜಿ ಹಾಕಿದ್ದಳು.

“ಅಲ್ಲಿ ಕೆಲಸ ಇಲ್ಲ ತಾಯಿ.”

“ನೀವ್ ಹ್ಯಾಂಗ್ ಹೇಳ್ತೀರಿ? ಎಷ್ಟ್ ಚಂದ ಬರದಾರ ನೋಡ್ರಿ, ಹೆದರಬ್ಯಾಡ್ರಿ ಅಂತ. ಸುಳ್ಳ ಹೇಳೋರು ಹಿಂಗ ಬರೀತಾರೇನು?”

“ಬರೆದೋಳು ಸುಳ್ಳು ಹೇಳಿಲ್ಲ. ಅವಳು ನನ್ನ ಹೆಂಡ್ತಿ. ಈಗಿಲ್ಲ.”

ಅವಳು ನನ್ನ ಮುಖ ನೋಡಿದಳು. ಫೈಲನ್ನು ಎದೆಗೆ ಒತ್ತಿಕೊಂಡಳು. “ತಿಂಗಳ ಹೋತಲ್ರಿ ನಂದು,” ಎಂದಳು. ನನ್ನ ಮೇಲೆ ಸಿಟ್ಟಿನಿಂದಲ್ಲ, ಸುಮ್ಮನೆ.

ಅಲ್ಲೇ ನಿಂತು ಫೋನ್ ತೆಗೆದೆ. ಜಾಹೀರಾತು ಮತ್ತೆ ಮೇಲೆ ಬಂದಿತ್ತು. ಈಗ ‘ಇಂದು’ ಎಂದಿತ್ತು. ಕಣ್ಣು ಮುಚ್ಚಿಕೊಳ್ಳದೆ ಆ ದೂರಿನ ಗುಂಡಿ ಒತ್ತಿದೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ತೆಗೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ಒಳಗೆ ಸೂಪರ್‌ವೈಸರ್ ಒಂದು ಶಾಫ್ಟ್ ಮತ್ತು ಮೈಕ್ರೋಮೀಟರ್ ಕೈಗಿಟ್ಟರು.  ಮೊದಲು ಮೈಕ್ರೋಮೀಟರಿನ ಸೊನ್ನೆ ಸರಿ ಇದೆಯೇ ನೋಡಿದೆ. ಆಮೇಲೆ ಶಾಫ್ಟಿನ ಎರಡು ತುದಿ, ನಡುವೆ ಒಂದು ಕಡೆ ಅಳೆದೆ.

“ಮೂರ್ ಕಡೆ ಯಾಕೆ?”

“ಒಂದ್ ತುದಿ ದಪ್ಪ ಇದೆ ಸಾರ್. ಟೇಪರ್ ಬಂದಿದೆ.”

ಅವರು ಹಳೇ ರೆಸ್ಯೂಮಿನ ಮೊದಲ ಸಾಲು ಓದಿ ತಲೆಯಾಡಿಸಿದರು. “ಗುರುವಾರ ಬನ್ನಿ. ಒಂದ್ ವಾರ ನೋಡ್ತೀವಿ.”

ಗುರುವಾರ ಮಧ್ಯಾಹ್ನ ಹೋದಾಗ ಗೇಟಿನಲ್ಲಿ ಹಲಗೆ ಇರಲಿಲ್ಲ.  ನನಗಿಂತ ಮೊದಲು ಬೇರೆ ಯಾರನ್ನಾದರೂ ತೆಗೆದುಕೊಂಡರೇ?

“ಅಣ್ಣ, ಬೋರ್ಡ್ ಎಲ್ಲಿ?” ಎಂದು ಸೆಕ್ಯೂರಿಟಿಯನ್ನು ಕೇಳಿದೆ.

“ಜನ ಸಿಕ್ರಲ್ಲ, ತೆಗೆದ್ವಿ. ಇಟ್ಕೊಂಡ್ ಏನ್ ಮಾಡ್ಲಿ?” ಎಂದು ರಿಜಿಸ್ಟರ್ ಮುಂದಕ್ಕೆ ತಳ್ಳಿದ. “ಒಬ್ರು ಆಗ್ಲೇ ಬಂದ್ರು, ಬಾಗಲಕೋಟೆ ಅಮ್ಮ. ನೀವೊಬ್ರು. ಬೇಗ ಸೈನ್ ಹಾಕಿ ಹೋಗಿ ಸಾರ್, ಸೈರನ್ ಆಗುತ್ತೆ.”