ಮೈಸೂರಿನ ಬಿಲ್ಲಿಗೆ ಹಾಕಿದ ಕೆಂಪು ಗುರುತು

ಕೊಲ್ಕತ್ತಾದ ಸಾಲ್ಟ್ ಲೇಕಿನ ಶಾಲೆಯಲ್ಲಿ ಹತ್ತನೇ ತರಗತಿಗೆ ನಾನು ಗಣಿತ ಕಲಿಸುತ್ತಿದ್ದೆ. ಜಿಎಸ್‌ಟಿ ಪಾಠಕ್ಕೆ ಒಂದು ವರ್ಕ್‌ಶೀಟ್ ಮಾಡಿದ್ದೆ. ಹೋಟೆಲಿನ ಬಿಲ್ಲು ಎಂಟುನೂರು ರೂಪಾಯಿ, ಶೇಕಡಾ ಐದರಂತೆ ತೆರಿಗೆ ನಲವತ್ತು. ಅದರಲ್ಲಿ ಇಪ್ಪತ್ತು ಕೇಂದ್ರಕ್ಕೆ, ಇಪ್ಪತ್ತು ರಾಜ್ಯಕ್ಕೆ. ಅಲ್ಲಿಗೆ ಸುಮ್ಮನಿರಬಾರದೇ? ನನ್ನ ಊರಿನ ಹೆಸರು ಬರಲಿ ಎಂಬ ಚಪಲಕ್ಕೆ ಕೊನೆಯ ಪ್ರಶ್ನೆಯಲ್ಲಿ ಕೊಲ್ಕತ್ತಾದ ಕುಟುಂಬವೊಂದನ್ನು ಮೈಸೂರಿಗೆ ಕರೆದೊಯ್ದು ದೋಸೆ ತಿನ್ನಿಸಿದೆ. ಎರಡು ರಾಜ್ಯ ಬಂತಲ್ಲ, ಪಠ್ಯಪುಸ್ತಕದ ಅಭ್ಯಾಸದಂತೆ ನಲವತ್ತೂ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ತೆರಿಗೆ, ಎಂದು ಉತ್ತರ ಗಟ್ಟಿ ಮಾಡಿಕೊಂಡೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಇಪ್ಪತ್ತು, ಇಪ್ಪತ್ತು ಎಂದೇ ಬರೆದಿದ್ದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಎರಡು ಅಂಕ ಕಳೆದೆ. ಮುಂದಿನ ವರ್ಷ ಹನ್ನೊಂದನೇ ತರಗತಿಯಲ್ಲಿ ಅವಳಿಗೆ ಗಣಿತ ವಿಷಯ ಸಿಗಬೇಕಾದರೆ ಈ ವರ್ಕ್‌ಶೀಟಿನಲ್ಲಿ ಇಪ್ಪತ್ತಕ್ಕೆ ಹದಿನೈದು ಬೇಕಿತ್ತು. ಬಂದದ್ದು ಹದಿಮೂರು.

ವರ್ಷವಿಡೀ ಬಾಯಿ ಬಿಡದವಳು ಅಂದು ಕೈ ಎತ್ತಿದಳು. "ಮ್ಯಾಮ್, ಅವರು ಅಲ್ಲೇ ಕೂತು ತಿಂದರಲ್ಲ?"

"ಮೊದಲು ಪುಸ್ತಕ ಓದು, ಆಮೇಲೆ ಮಾತಾಡು," ಎಂದೆ. ತರಗತಿ ನಕ್ಕಿತು. ಎಲ್ಲರೂ ತಪ್ಪನ್ನು ತಿದ್ದಿ ಮರುದಿನ ತರಬೇಕೆಂದು ಹೇಳಿ ಹೊರಟೆ.

ಬಸ್ಸಿನಲ್ಲೇ ಅವಳ ಪ್ರಶ್ನೆ ಕೊರೆಯತೊಡಗಿತು. ಮನೆಗೆ ಬಂದವಳೇ, ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ ಮಾಡುವ ಗಂಡನ ಮುಂದೆ ವರ್ಕ್‌ಶೀಟ್ ಹಿಡಿದೆ. ಅವರು ಚಹಾ ಕೆಳಗಿಟ್ಟರು.

"ದೋಸೇನ ಅವರು ಪಾರ್ಸಲ್ ಮಾಡ್ಕೊಂಡು ಕೊಲ್ಕತ್ತಾಗೆ ತಂದ್ರೇನೇ? ಹೋಟ್ಲೂಟಕ್ಕೆ ಎಲ್ಲಿ ಬಡಿಸ್ತಾರೋ ಆ ರಾಜ್ಯದ್ದೇ ತೆರಿಗೆ. ತಿಂದೋರು ಯಾವೂರೋರಾದ್ರೂ ಅಷ್ಟೆ."

"ಅಂದ್ರೆ ಇಪ್ಪತ್ತು ಕೇಂದ್ರಕ್ಕೆ..."

"ಇಪ್ಪತ್ತು ಕರ್ನಾಟಕಕ್ಕೆ. ಮೈಸೂರಲ್ಲಿ ಹುಟ್ಟಿ ಬೆಳೆದೋಳು ನೀನು, ಅಲ್ಲಿ ಕೊಟ್ಟ ಬಿಲ್ಲು ಒಂದಿನಾನೂ ನೋಡ್ಲಿಲ್ವಾ?"

ನನಗೆ ರೇಗಿಹೋಯಿತು, ಅವರ ಮೇಲಲ್ಲ. ಕುಕ್ಕರ್ ಇಟ್ಟೆ, ಆರಿಸಿದೆ, ಮತ್ತೆ ಇಟ್ಟೆ. ಅಂಕಪಟ್ಟಿ ಆಗಲೇ ಶಾಲೆಯ ಕಚೇರಿಗೆ ಹೋಗಿತ್ತು. ತರಗತಿಯ ಆ ನಗು ಕಿವಿಯಿಂದ ಇಳಿಯಲೇ ಇಲ್ಲ.

ಬೆಳಗ್ಗೆ ಗಂಟೆ ಹೊಡೆಯುವ ಮುನ್ನವೇ ಶಾಲೆಯಲ್ಲಿದ್ದೆ. ತರಗತಿಯ ಮುಂದೆ ನಿಂತು, "ನಿನ್ನೆ ತಪ್ಪಿದ್ದು ನಾನು, ಅವಳಲ್ಲ," ಎಂದೆ. ಯಾರೂ ನಗಲಿಲ್ಲ. ಅಂಕ ಬದಲಿಸಬೇಕಾದರೆ ಉತ್ತರದ ಹಾಳೆಯನ್ನು ಕಚೇರಿಗೆ ತೋರಿಸಬೇಕು. ಅವಳ ಹತ್ತಿರ ಹೋಗಿ ಕೇಳಿದೆ.

ಅವಳು ಗಾಬರಿಯಿಂದ ಹಾಳೆ ಚಾಚಿದಳು. "ನೀವು ಹೇಳಿದ ಹಾಗೇ ತಿದ್ದಿಬಿಟ್ಟೆ, ಮ್ಯಾಮ್."

ಪೆನ್ಸಿಲಿನ ಇಪ್ಪತ್ತು, ಇಪ್ಪತ್ತು ಎರಡನ್ನೂ ಕಾಗದ ತೆಳ್ಳಗಾಗುವಷ್ಟು ಉಜ್ಜಿ ಅಳಿಸಿದ್ದಳು. ಆ ಜಾಗದಲ್ಲಿ ದುಂಡಗೆ ನಲವತ್ತು ಎಂದಿತ್ತು. ನನ್ನ ಕೆಂಪು ಗುರುತು ಮಾತ್ರ ಹಾಗೇ ಉಳಿದಿತ್ತು.

ಕಚೇರಿಗೆ ಪತ್ರ ಬರೆಯಲು ಅಲ್ಲೇ ಅವಳ ಬೆಂಚಿನಲ್ಲಿ ಕುಳಿತೆ. ಈ ವಿದ್ಯಾರ್ಥಿನಿ ಸರಿಯಾದ ಉತ್ತರ ಬರೆದಿದ್ದಳು, ಅದನ್ನು ಅಳಿಸುವಂತೆ ಮಾಡಿದವಳು ನಾನು, ಎಂದು ಬರೆದು ಸಹಿ ಹಾಕಿದೆ.