ಮುನಿಕೆಂಪಮ್ಮನ ಮುದ್ದೆ, ದಾಸಪ್ಪನ ಗಂಟಲು

ಕೊಡಿಗೇಹಳ್ಳಿಯ ಹಳೆಯ ಬೀದಿಯಲ್ಲಿ, ಮೊಬೈಲ್ ಅಂಗಡಿಗೂ ಕಬ್ಬಿಣದ ಗೇಟು ಮಾಡುವ ಶೆಡ್ಡಿಗೂ ನಡುವೆ ಹಂಚಿನ ಮನೆಯೊಂದಿದೆ. ಅದರ ಮುಂಭಾಗವೇ ಮುನಿಕೆಂಪಮ್ಮನವರ ಮೆಸ್ಸು. ಬೋರ್ಡಿಲ್ಲ. ಮಧ್ಯಾಹ್ನದ ಹೊತ್ತು ಬಾಗಿಲ ಹೊರಗೆ ಸಾಲಾಗಿ ಬಿಟ್ಟಿರುವ ಚಪ್ಪಲಿಗಳೇ ಬೋರ್ಡು. ಆ ಊರಿನ ಶಾಲೆಗೆ ನಾನು ಮೇಷ್ಟರಾಗಿ ಬಂದ ವರ್ಷದಿಂದ ನಿವೃತ್ತನಾಗುವವರೆಗೆ ನನ್ನ ಮಧ್ಯಾಹ್ನದ ಊಟ ಅಲ್ಲೇ.

ಮುದ್ದೆ ಅವರ ಮನೆಯಲ್ಲಿ ಇಬ್ಬರ ಕೆಲಸ. ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದ ಮೇಲೆ ಕೋಲು ಹಿಡಿದು ತಿರುವುವವರು ಗಂಡ ದಾಸಪ್ಪನವರು. ಒದ್ದೆ ಕೈಯಲ್ಲಿ ಉಂಡೆ ಕಟ್ಟುವವರು ಮುನಿಕೆಂಪಮ್ಮ. ಗದಗದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಬಸವಕಿರಣ ಎಂಬ ಹುಡುಗ ಮೊದಲ ದಿನ ಮುದ್ದೆಯನ್ನು ರೊಟ್ಟಿಯಂತೆ ಅಗಿಯತೊಡಗಿದಾಗ, ದಾಸಪ್ಪನವರು ಕೋಲು ಹಿಡಿದೇ ಹೊರಗೆ ಬಂದಿದ್ದರು.

"ಲೋ ಮಗಾ, ಅದೇನ್ ಕಡ್ಲೇಕಾಯಾ? ಸಾರಲ್ಲಿ ಅದ್ದು, ನುಂಗು. ಹಲ್ಲಿಗ್ ಕೆಲ್ಸ ಕೊಡ್ಬೇಡ, ಗಂಟ್ಲಿಗ್ ಕೊಡು."

"ಕಾಕಾ, ಸಿಕ್ಕೊಂಡ್ರ ಏನ್ ಮಾಡ್ಲಿ?"

"ಈ ಗಂಟ್ಲಲ್ಲಿ ಎಷ್ಟ್ ಸಾವ್ರ ಮುದ್ದೆ ಇಳ್ದವೆ, ಒಂದಾದ್ರೂ ಸಿಕ್ಕೊಂಡೈತಾ, ಇವಳ್ನೇ ಕೇಳು."

"ಸಿಕ್ಕೊಂಡಿದ್ರೆ ನಂಗೂ ಒಂದ್ ಗಳಿಗೆ ನೆಮ್ದಿ ಇರೋದು" ಎಂದು ಒಳಗಿನಿಂದ ಮುನಿಕೆಂಪಮ್ಮ ಹೇಳಿದ್ದರು. ಊಟಕ್ಕೆ ಕುಳಿತವರೆಲ್ಲ ನಕ್ಕಿದ್ದರು.

ಕಳೆದ ಆಷಾಢದಲ್ಲಿ ದಾಸಪ್ಪನವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು, "ಮೆತ್ತಗಿರೋ ಊಟ ಕೊಡಿ, ಕೆಮ್ಮು ಬಂದ್ರೆ ನಿಲ್ಲಿಸಿ" ಎಂದಿದ್ದರು. ಮುದ್ದೆಗಿಂತ ಮೆತ್ತಗಿನ ಊಟ ಮುನಿಕೆಂಪಮ್ಮನವರಿಗೆ ಗೊತ್ತಿರಲಿಲ್ಲ. ನೆಲ್ಲಿಕಾಯಿ ಗಾತ್ರಕ್ಕೆ ಮುರಿದು, ಬಸ್ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಸುಲಭವಾಗಿ ಇಳಿಯಲೆಂದು ಮೇಲೊಂದು ಚಮಚ ಸಾರು ಹಾಕುತ್ತಿದ್ದರು. "ಒಂದ್ ಸಲಾನೂ ಕೆಮ್ಮಿಲ್ಲ ಕಣ್ರೀ ಮೇಷ್ಟ್ರೇ" ಎಂದು ನನ್ನೆದುರು ಹೆಮ್ಮೆಪಟ್ಟರು. ಊಟವಾದ ಮೇಲೆ ದಾಸಪ್ಪನವರ ದನಿ ನೀರೊಳಗಿನಿಂದ ಬಂದಂತೆ ಗುಳುಗುಳು ಎನ್ನುತ್ತಿತ್ತು. ಅದನ್ನು ನಾನೂ ಕೇಳಿದ್ದೆ, ಆದರೆ ಸ್ಟ್ರೋಕ್ ಆದವರ ದನಿ ಹಾಗೆಯೇ ಇರಬಹುದೆಂದುಕೊಂಡೆ.

ದೀಪಾವಳಿಯೊಳಗೆ ಅವರಿಗೆ ಎರಡು ಸಲ ನ್ಯುಮೋನಿಯಾ ಆಯಿತು. ಥಂಡಿಯೆಂದು ಮುನಿಕೆಂಪಮ್ಮ ಗಂಡನ ಕುತ್ತಿಗೆಗೆ ಮಫ್ಲರ್ ಸುತ್ತಿದರು. ಮೂರನೆಯ ಸಲ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ನುಂಗುವುದನ್ನೇ ಎಕ್ಸ್‌ರೇಯಲ್ಲಿ ವಿಡಿಯೋ ಮಾಡುವ ಪರೀಕ್ಷೆಗೆಂದು ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಬರೆದುಕೊಟ್ಟರು. ದಿನವೂ ತಿನ್ನುವ ಊಟ ತರಲು ಹೇಳಿದ್ದರಿಂದ ಮುನಿಕೆಂಪಮ್ಮ ಕ್ಯಾರಿಯರಿನಲ್ಲಿ ಮುದ್ದೆ, ಸಾರು ತುಂಬಿಕೊಂಡರು. ಕಾಗದಪತ್ರ ಓದಲು ನಾನೂ ಜೊತೆಗೆ ಹೋದೆ.

ನುಂಗುವ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಪದ್ಮಶ್ರೀ ಎಂಬ ಹೆಣ್ಣುಮಗಳು ಸೀಸದ ಏಪ್ರನ್ ತೊಟ್ಟು, ದಾಸಪ್ಪನವರನ್ನು ಒಳಗೆ ಕರೆದೊಯ್ದರು. ಎಕ್ಸ್‌ರೇ ಡಾಕ್ಟರೂ ಇದ್ದರು. ನಾವು ಹೊರಗಿನ ಬೆಂಚಿನಲ್ಲಿ ಕುಳಿತೆವು. ಮುನಿಕೆಂಪಮ್ಮ ಕ್ಯಾರಿಯರನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು, ಆರದಿರಲಿ ಎಂದು. ಅದನ್ನು ಯಾರೂ ಕೇಳಲೇ ಇಲ್ಲ.

ಪರೀಕ್ಷೆ ಮುಗಿದ ಮೇಲೆ ಪದ್ಮಶ್ರೀ ನಮ್ಮನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಪಕ್ಕದಿಂದ ಕಾಣುವ ದವಡೆ, ಕತ್ತಿನ ಮೂಳೆ.

"ಅಮ್ಮ, ಮುಂದಿರೋದು ಉಸಿರಿನ ಕೊಳವೆ, ಹಿಂದಿರೋದು ಅನ್ನನಾಳ. ಬೇರಿಯಂ ಪುಡಿ ಬೆರೆಸಿ ಕೊಟ್ಟಿರೋದ್ರಿಂದ ನುಂಗಿದ್ದು ಕಪ್ಪಗೆ ಕಾಣುತ್ತೆ. ಇದು ನೀರಿನಷ್ಟು ತೆಳು, ಒಂದೇ ಚಮಚ. ನೋಡಿ."

ಕಪ್ಪು ಹನಿ ನಾಲಿಗೆಯ ಹಿಂದೆ ಜಾರಿತು. ಅಲ್ಲಿಂದ ಒಂದು ತೆಳುವಾದ ಗೆರೆ ಮುಂದಿನ ಕೊಳವೆಯೊಳಗೆ ಇಳಿಯಿತು. ಪರದೆಯ ಮೇಲಿನ ಕತ್ತು ಅಲುಗಲಿಲ್ಲ.

"ಕೆಮ್ಮಲಿಲ್ವಲ್ಲ" ಎಂದರು ಮುನಿಕೆಂಪಮ್ಮ.

"ಅದೇ ತೊಂದ್ರೆ. ತಪ್ಪು ದಾರಿಗೆ ಹೋಗಿದ್ದನ್ನ ಕೆಮ್ಮಿ ಹೊರಗೆ ಹಾಕ್ಬೇಕಿತ್ತು. ಸ್ಟ್ರೋಕ್ ಆದ್ಮೇಲೆ ಗಂಟಲಿಗೆ ಆ ಎಚ್ಚರ ಇಲ್ಲ. ಗದ್ದ ಬಗ್ಗಿಸಿಯೂ ನೋಡಿದ್ವಿ, ಆಗ್ಲೂ ಹೋಯ್ತು."

"ಅಂಗಾದ್ರೆ ನಾನ್ ಹಾಕಿದ್ ಸಾರು?"

"ಸ್ವಲ್ಪ ಸ್ವಲ್ಪ ಹೋಗಿರ್ಬಹುದು" ಎಂದರು ಪದ್ಮಶ್ರೀ.

"ನಾನೇ ಉಯ್ದಿವ್ನಿ" ಎಂದು ಮುನಿಕೆಂಪಮ್ಮ ಪರದೆಗೆ ಹೇಳಿದರು.

"ನಿಮಗೆ ಹೇಗಮ್ಮ ಗೊತ್ತಾಗ್ಬೇಕು? ಹೊರಗಿಂದ ನೋಡಿದ್ರೆ ನನಗೂ ಕಾಣಲ್ಲ. ಅದಕ್ಕೇ ಈ ಪರೀಕ್ಷೆ."

ಆಮೇಲಿನ ವಿಡಿಯೋದಲ್ಲಿ ಸ್ವಲ್ಪ ಮಂದವಾದ ಪಾನೀಯ ಸರಿಯಾದ ದಾರಿಯಲ್ಲೇ ಹೋಯಿತು. ನುಣ್ಣಗೆ ಅರೆದದ್ದು ನಾಲಿಗೆಯ ಬುಡದಲ್ಲಿ ಒಂದಿಷ್ಟು ನಿಂತಿತು. ಇನ್ನೊಮ್ಮೆ ಬರಿದೇ ನುಂಗಿಸಿದಾಗ ಬಹುಪಾಲು ಇಳಿಯಿತು.

"ಇಷ್ಟು ನುಣ್ಣಗಿರೋದೇ ಉಳೀತು. ಮುದ್ದೆ ಅಂಟುತ್ತೆ, ಅಗಿಯದೆ ಇಡಿಯಾಗಿ ತಳ್ಳೋ ಬಲ ಬೇಕು. ಉಸಿರಿಗೇ ಅಡ್ಡ ಆಗಬಹುದು. ಅದಕ್ಕೇ ನಿಮ್ಮ ಕ್ಯಾರಿಯರ್ ತೆಗೆಸ್ಲಿಲ್ಲ."

"ನನ್ ಮುದ್ದೆ ಕೈಗೆ ಅಂಟಲ್ಲ ಕಣಮ್ಮ."

"ಕೈ ಒದ್ದೆ ಮಾಡ್ಕೊಂಡಿರ್ತೀರಲ್ಲಮ್ಮ."

ಗಾಲಿಕುರ್ಚಿಯಲ್ಲಿದ್ದ ದಾಸಪ್ಪನವರು ತೊದಲುತ್ತ ಕೇಳಿದ್ದು ಒಂದೇ ಮಾತು: "ಮುದ್ದೆ... ಯಾವಾಗ?"

"ಎರಡು ತಿಂಗಳು ಗಂಟಲಿನ ವ್ಯಾಯಾಮ ಮಾಡಿ ಅಪ್ಪಾಜಿ. ಮತ್ತೆ ಪರೀಕ್ಷೆ ಮಾಡೋಣ."

ಅಂದಿನಿಂದ ಆ ಮನೆಯಲ್ಲಿ ಎರಡು ಒಲೆ ಉರಿದವು. ಮುದ್ದೆ ತಿರುವಲು ಧನಲಕ್ಷ್ಮಿ ಎಂಬ ಹೆಂಗಸು ಬಂದಳು. ಮುನಿಕೆಂಪಮ್ಮ ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಪದ್ಮಶ್ರೀ ಕಲಿಸಿದಂತೆ ಹಿಂಬದಿಯ ಒತ್ತುವ ದಿಂಡು ತೆಗೆದ ಸಿರಿಂಜಿನ ತುದಿಗೆ ಬೆರಳಿಟ್ಟು ಹತ್ತು ಎಂ.ಎಲ್. ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡು ಎಣಿಸುತ್ತಿದ್ದರು. ನಾಲ್ಕರಿಂದ ಎಂಟರ ನಡುವೆ ಉಳಿದರೆ ಕುಡಿಸಬಹುದು. ಕಡಿಮೆ ಉಳಿದರೆ ತೆಳು, ಹೆಚ್ಚು ಉಳಿದರೆ ಗಟ್ಟಿ. ಅಂಬಲಿ ಆರಿದಂತೆ ಮಂದವಾಗುವುದರಿಂದ ಕುಡಿಸುವ ಹೊತ್ತಿಗೇ ಅಳೆಯಬೇಕು.

"ಏನಜ್ಜಿ, ಅಂಬಲಿಗೂ ಇಂಜೆಕ್ಷನ್ನಾ?" ಎಂದು ಬಸವಕಿರಣ ಕೇಳಿದ.

"ಬಾಯ್ ಮುಚ್ಕೊಂಡ್ ಉಣ್ಣು. ಎಣಿಕೆ ತಪ್ತು" ಎಂದು ಅವರು ಮತ್ತೆ ಒಂದರಿಂದ ಶುರುಮಾಡಿದರು.

ದಾಸಪ್ಪನವರು ನೆಟ್ಟಗೆ ಕುಳಿತು, ಪ್ರತಿ ಚಮಚಕ್ಕೂ ಎರಡೆರಡು ಸಲ ನುಂಗಿದರು. ಹೇಳಿದ ವ್ಯಾಯಾಮಗಳನ್ನು ಶಾಲೆಯ ಮಕ್ಕಳಿಗಿಂತ ಶ್ರದ್ಧೆಯಿಂದ ಮಾಡಿದರು. ಎರಡು ತಿಂಗಳಲ್ಲಿ ಒಮ್ಮೆಯೂ ಜ್ವರ ಬರಲಿಲ್ಲ. ಮುನಿಕೆಂಪಮ್ಮ ಮಾತ್ರ ತಮ್ಮ ಊಟವನ್ನು, ಗಂಡನ ಕಣ್ಣಿಗೆ ಬೀಳದಂತೆ, ಹಿತ್ತಲ ಬಾಗಿಲ ಹಿಂದೆ, ನಿಂತುಕೊಂಡೇ ಮುಗಿಸುತ್ತಿದ್ದರು.

ಎರಡನೆಯ ಪರೀಕ್ಷೆಗೆ ದಾಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟಿದ್ದರು. ಪರದೆಯ ಮೇಲೆ ಆ ತೆಳು ಕಪ್ಪು ಗೆರೆ ಮತ್ತೆ ಮುಂದಿನ ಕೊಳವೆಗೇ ಇಳಿಯಿತು. ಈ ಸಲವೂ ಕೆಮ್ಮಲಿಲ್ಲ. ಅರೆದ ಊಟ ಗಂಟಲಲ್ಲಿ ಉಳಿಯುವುದು ತುಸು ಕಡಿಮೆಯಾಗಿತ್ತು, ಅಷ್ಟೇ.

"ಈಗಿನ ಊಟವನ್ನೇ ಮುಂದುವರಿಸಿ. ಮುದ್ದೆ ಬೇಡ" ಎಂದರು ಪದ್ಮಶ್ರೀ. "ಮುಂದೆ ಆಗುತ್ತೆ ಅಂತ ಸುಳ್ಳು ಮಾತು ಕೊಡಲ್ಲ ಅಪ್ಪಾಜಿ."

ಮನೆ ತಲುಪಿದಾಗ ಮೆಸ್ಸಿನ ಊಟ ಮುಗಿದು, ಒಂದೇ ಒಂದು ಮುದ್ದೆ ಉಳಿದಿತ್ತು. ಮುನಿಕೆಂಪಮ್ಮ ಗಂಡನಿಗೆ ಅಂಬಲಿ ಅಳೆದು ಕುಡಿಸಿ, ತಟ್ಟೆ ತೆಗೆದುಕೊಂಡು ಹಿತ್ತಲ ಕಡೆ ಹೊರಟರು.

"ಅಮ್ಮೀ" ಎಂದು ದಾಸಪ್ಪನವರು ಕರೆದರು. ಎಡಗೈಯಿಂದ ತಮ್ಮೆದುರಿನ ನೆಲ ತಟ್ಟಿದರು. "ಇಲ್ಲೇ... ಉಣ್ಣು."

"ಬ್ಯಾಡ ಸುಮ್ಕಿರಿ."

"ನೋಡ್ತೀನಿ... ಅಷ್ಟೇಯ."

ಅವರು ಕುಳಿತರು. ದಾಸಪ್ಪನವರು ತಟ್ಟೆಯ ಮೇಲೆ ಬಾಗಿ ಮುದ್ದೆಯನ್ನು ದಿಟ್ಟಿಸಿ, ಧನಲಕ್ಷ್ಮಿಗೆ ಕೇಳಿಸುವಂತೆ, "ಗಂಟೈತೆ" ಎಂದರು. ಅಡುಗೆಮನೆಯಿಂದ, "ಇರ್ಲಿ ಬಿಡಿ ಯಜಮಾನ್ರೇ, ನೀವೇನ್ ಉಣ್..." ಎಂಬ ಉತ್ತರ ಬಂದು, ಅರ್ಧಕ್ಕೇ ನಿಂತಿತು.

ಮುನಿಕೆಂಪಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣುಮುಚ್ಚಿ ನುಂಗಿದರು. ಎದುರಿಗೆ ಕುಳಿತಿದ್ದ ದಾಸಪ್ಪನವರ ಗಂಟಲಿನ ಮಣಿ ಅವರ ಜೊತೆಯಲ್ಲೇ ಮೇಲೇರಿ, ಕೆಳಗಿಳಿಯಿತು.